ಕಳ್ಳಭಟ್ಟಿ ಕುಡಿದವರು ಮನೆಯಲ್ಲಿದ್ದರೆ: ಅಮಲು ಯಾವುದು, ವಿಷ ಯಾವುದು ಎಂದು ತಿಳಿಯುವುದು ಹೇಗೆ?

ತಾಲ್ಲೂಕು ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಯಲ್ಲಿ ನರ್ಸ್ ಆಗಿದ್ದಾಗ ಒಂದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದೇನೆ. ಕುಡಿದವನನ್ನು ಮನೆಯವರು ಮಲಗಿಸುತ್ತಾರೆ. ಬೆಳಿಗ್ಗೆ ಅವನು ಎದ್ದು ಕೂತರೆ 'ಸದ್ಯ, ಇಳೀತು' ಅಂತ ಬೇರೆ ಕೆಲಸಕ್ಕೆ ಹೋಗುತ್ತಾರೆ. ಮೆಥನಾಲ್ ಸೇರಿದ ಸಾರಾಯಿಯಾಗಿದ್ದರೆ ವಿಷ ಕೆಲಸ ಶುರು ಮಾಡುವುದೇ ಆಗ. ಹಾಗಾಗಿ ಈ ಬರಹ ಕುಡಿಯುವವರಿಗಿಂತ ಜಾಸ್ತಿ ಅವರ ಮನೆಯವರಿಗೆ.

ಹಂತ 1: ಯಾವಾಗ ಕುಡಿದದ್ದು, ಯಾರ ಜೊತೆ ಕುಡಿದದ್ದು ಎಂದು ಕೇಳಿ ಬರೆದಿಡಿ. ಗೋಡೆಯ ಕ್ಯಾಲೆಂಡರ್ ಮೇಲೆ ಬರೆದರೂ ಆಯಿತು.

ಹಂತ 2: ಮನೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ಮೂಸಿ ನೋಡುವುದು, ಚಮಚಕ್ಕೆ ಹಾಕಿ ಬೆಂಕಿ ಹಚ್ಚಿ ಬಣ್ಣ ನೋಡುವುದು, ಇವೆಲ್ಲ ಸುಮ್ನೆ. ಕುಡಿಯುವ ಮದ್ಯದಲ್ಲಿರುವುದು ಎಥನಾಲ್. ಅದರ ಜೊತೆ ಮೆಥನಾಲ್ ಬೆರೆತರೆ ವಾಸನೆಯಿಂದಲೂ ಗೊತ್ತಾಗುವುದಿಲ್ಲ, ಉರಿಯಿಂದಲೂ ಗೊತ್ತಾಗುವುದಿಲ್ಲ. ಮೆಥನಾಲ್ ಕಾರ್ಖಾನೆಗಳಲ್ಲಿ ಬಳಸುವ ಅಗ್ಗದ ದ್ರವ. ಮಾರುವವನು ಲಾಭಕ್ಕೆ ಅದನ್ನು ಸುರಿದಿರುತ್ತಾನೆ. ಎಷ್ಟು ಸುರಿದಿದ್ದಾನೆ ಎಂಬುದು ಅವನಿಗೇ ಗೊತ್ತಿರುವುದಿಲ್ಲ. ಹತ್ತು ಮಿಲಿಲೀಟರಿನಷ್ಟು ಶುದ್ಧ ಮೆಥನಾಲ್, ಅಂದರೆ ಎರಡು ಟೀ ಚಮಚ, ಕಣ್ಣು ಕಳೆದಿರುವ ಉದಾಹರಣೆಗಳಿವೆ. ವಾರ್ನಿಷ್, ಥಿನ್ನರ್ ಸೋಸಿ ಕುಡಿಯುವವರದ್ದೂ ಇದೇ ಕಥೆ. ಬಟ್ಟೆಯಲ್ಲಿ ಸೋಸಿದರೆ ಮೆಥನಾಲ್ ಎಲ್ಲಿಗೂ ಹೋಗುವುದಿಲ್ಲ.

ಹಂತ 3: ಗಡಿಯಾರ ನೋಡಿ. ಎಲ್ಲರೂ ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾನು ನೋಡಿದ ಒಂದು ಮನೆಯದ್ದೇ ಹೇಳುತ್ತೇನೆ. ಶನಿವಾರ ರಾತ್ರಿ ಎಂಟಕ್ಕೆ ಅಣ್ಣ, ತಮ್ಮ, ಪಕ್ಕದ ಮನೆಯವನು, ಮೂವರೂ ಒಂದೇ ಕಡೆಯಿಂದ ತಂದ ಪ್ಯಾಕೆಟ್ ಕುಡಿದರು. ತೊದಲಿದರು, ಜಗಳ ಆಡಿದರು, ಮಲಗಿದರು. ಇದು ಮಾಮೂಲಿ ಕುಡುಕತನದ ಹಾಗೆ ಕಾಣುವುದು ಯಾಕೆಂದರೆ ಅದು ನಿಜವಾಗಿ ಮಾಮೂಲಿ ಕುಡುಕತನವೇ. ಆ ಪ್ಯಾಕೆಟ್‌ನಲ್ಲಿದ್ದ ಎಥನಾಲ್ ತಲೆಗೇರಿತ್ತು. ಮೆಥನಾಲ್ ಕೂಡ ಸ್ವಲ್ಪ ಅಮಲು ಕೊಡುತ್ತದೆ. ಆದರೆ ಅದು ತಾನೇ ತಾನಾಗಿ ಅಂಥ ಕ್ರೂರಿಯಲ್ಲ. ಅದನ್ನು ವಿಷ ಮಾಡುವುದು ನಮ್ಮ ಪಿತ್ತಜನಕಾಂಗ. ಮದ್ಯವನ್ನು ಒಡೆಯುವ ಕಿಣ್ವವೇ ಮೆಥನಾಲನ್ನೂ ಒಡೆದು ಫಾರ್ಮಾಲ್ಡಿಹೈಡ್ ಮಾಡುತ್ತದೆ. ಅದು ಬೇಗನೆ ಫಾರ್ಮಿಕ್ ಆಮ್ಲವಾಗುತ್ತದೆ. ಇರುವೆ ಕಚ್ಚಿದಾಗ ಉರಿಯುತ್ತದಲ್ವಾ, ಆ ಆಮ್ಲವೇ. ಈ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ಸಾಮಾನ್ಯವಾಗಿ 12ರಿಂದ 24 ಗಂಟೆ.

ಅಣ್ಣ ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದ, ಟೀ ಕುಡಿದ, ತಲೆ ಭಾರ ಎಂದ. ಹನ್ನೊಂದಕ್ಕೆ ಹೊಟ್ಟೆನೋವು, ವಾಂತಿ. ಹೆಂಡತಿ ನಿಂಬೆಹಣ್ಣಿನ ಪಾನಕ ಕೊಟ್ಟಳು, ಆಮೇಲೆ ಮಜ್ಜಿಗೆ. ಮಧ್ಯಾಹ್ನ ಮೂರಕ್ಕೆ ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಅವನು ಒಳಗಿಂದ ಕೂಗಿದ: 'ಲೈಟ್ ಹಾಕೇ, ಏನೂ ಕಾಣ್ತಿಲ್ಲ.' ಅವಳು ಇನ್ನೂ ಇಳಿದಿಲ್ಲ ಎಂದುಕೊಂಡಳು.

ವ್ಯತ್ಯಾಸ ಇರುವುದು ಇಲ್ಲೇ. ಮಾಮೂಲಿ ಅಮಲು ರಾತ್ರಿ ಜಾಸ್ತಿ ಇರುತ್ತದೆ, ಆಮೇಲೆ ಗಂಟೆ ಗಂಟೆಗೂ ಇಳಿಯುತ್ತದೆ. ಹ್ಯಾಂಗೋವರ್ ಕೂಡ ಮಧ್ಯಾಹ್ನದ ಹೊತ್ತಿಗೆ ಹಗುರಾಗಬೇಕು. ಮೆಥನಾಲ್ ಆದರೆ ಉಲ್ಟಾ. ನಡುವೆ ಒಂದಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಏರುತ್ತಾ ಹೋಗುತ್ತದೆ. ಕುಡಿದು ಅರ್ಧ ದಿನ ಕಳೆದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆನೋವು, ವಾಂತಿ, ಕಣ್ಣು ಮಂಜು ಅಮಲಲ್ಲ. ಕೆಲವರು ಕಣ್ಣೆದುರು ಹತ್ತಿ ಹಾರಿದ ಹಾಗೆ ಎನ್ನುತ್ತಾರೆ, ಕೆಲವರು ಹಾಲಿನೊಳಗೆ ನೋಡಿದ ಹಾಗೆ ಎನ್ನುತ್ತಾರೆ.

ಕಣ್ಣೇ ಯಾಕೆ? ಫಾರ್ಮಿಕ್ ಆಮ್ಲ ಜೀವಕೋಶದ ಒಳಗೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಜಾಗವನ್ನೇ ಕಟ್ಟಿಹಾಕುತ್ತದೆ. ಉಸಿರಾಟ ನಡೆಯುತ್ತಿರುತ್ತದೆ, ರಕ್ತದಲ್ಲಿ ಆಮ್ಲಜನಕ ಇರುತ್ತದೆ, ಜೀವಕೋಶ ಮಾತ್ರ ಉಸಿರುಕಟ್ಟಿ ಸಾಯುತ್ತದೆ. ಕಣ್ಣಿನ ನರಕ್ಕೆ ಸದಾ ಶಕ್ತಿ ಬೇಕು, ಹಾಗಾಗಿ ಮೊದಲ ಏಟು ಅದಕ್ಕೆ. ಮಿದುಳಿನ ಆಳದ ಕೆಲವು ಭಾಗಗಳಿಗೂ ಹೀಗೇ ಪೆಟ್ಟು ಬೀಳುತ್ತದೆ. ಇತ್ತ ರಕ್ತ ಹುಳಿಯಾಗುತ್ತಾ ಬರುತ್ತದೆ. ಆ ಹುಳಿಯನ್ನು ಹೊರಹಾಕಲು ದೇಹ ಜೋರಾಗಿ, ಆಳವಾಗಿ ಉಸಿರಾಡುತ್ತದೆ. ಮಲಗಿದಲ್ಲೇ ಓಡಿ ಬಂದವನ ಹಾಗೆ ಏದುಸಿರು ಬಿಡುತ್ತಿದ್ದರೆ ತಡವಾಗಿದೆ ಎಂದೇ ಅರ್ಥ. ಅಲ್ಲಿಂದ ಮುಂದೆ ಫಿಟ್ಸ್, ಕೋಮಾ, ಉಸಿರು ನಿಲ್ಲುವುದು.

ಹಂತ 4: ಇನ್ನೊಂದು ಕ್ವಾರ್ಟರ್ ಕುಡಿಸಬೇಡಿ. ಇದನ್ನು ಬೇರೆಯಾಗಿ ಹೇಳಲೇಬೇಕು, ಯಾಕೆಂದರೆ ಅರ್ಧ ತಿಳಿದವರು ಮಾಡುವ ತಪ್ಪು ಇದು. ಆಸ್ಪತ್ರೆಯಲ್ಲಿ ಎಥನಾಲನ್ನೇ ಔಷಧಿಯಾಗಿ ಕೊಡುವುದುಂಟು, ನಿಜ. ಎಥನಾಲ್ ಇರುವಾಗ ಆ ಕಿಣ್ವ ಮೊದಲು ಅದನ್ನೇ ಹಿಡಿಯುತ್ತದೆ, ಮೆಥನಾಲ್ ಸರದಿಗೆ ಕಾಯುತ್ತದೆ. ಆದರೆ ಅಲ್ಲಿ ಅಳತೆ ಇರುತ್ತದೆ, ಮತ್ತೆ ಮತ್ತೆ ರಕ್ತ ನೋಡುತ್ತಾರೆ, ಜೊತೆಗೆ ಡಯಾಲಿಸಿಸ್ ಇರುತ್ತದೆ. ಮನೆಯಲ್ಲಿ ಆಗುವುದೇನು? ಆ ಮನೆಯ ತಮ್ಮ ಭಾನುವಾರ ತಲೆಭಾರ ಕಳೆಯಲು ಅಂಗಡಿಯ ಬ್ರಾಂದಿ ಕುಡಿದ. ಇಡೀ ದಿನ ಚೆನ್ನಾಗಿದ್ದ, ಅಣ್ಣನನ್ನು ಆಟೋಗೆ ಹತ್ತಿಸಿದವನೂ ಅವನೇ. ಸೋಮವಾರ ಬೆಳಿಗ್ಗೆ ಅವನಿಗೂ ಕಣ್ಣು ಮಂಜಾಯಿತು. ಬ್ರಾಂದಿ ವಿಷವನ್ನು ತೆಗೆಯಲಿಲ್ಲ, ಒಂದು ದಿನ ಮುಚ್ಚಿಟ್ಟಿತು ಅಷ್ಟೇ.

ಹುಣಸೆನೀರು, ನಿಂಬೆ, ಬೆರಳು ಹಾಕಿ ವಾಂತಿ ಮಾಡಿಸುವುದು, ಯಾವುದೂ ಬೇಡ. ಮೆಥನಾಲ್ ಗಂಟೆಯೊಳಗೇ ರಕ್ತ ಸೇರಿರುತ್ತದೆ. ಮಂಪರಿನಲ್ಲಿರುವವನ ಬಾಯಿಗೆ ಏನು ಹಾಕಿದರೂ ಶ್ವಾಸಕೋಶಕ್ಕೆ ಹೋಗುವ ಅಪಾಯ ಬೇರೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ.

ಹಂತ 5: 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ನಿಜ ಹೇಳಿ. ಪೊಲೀಸ್ ಕೇಸ್ ಆಗುತ್ತದೆಂದು ಹೆದರಿ 'ಊಟ ಆಗಿಬರಲಿಲ್ಲ' ಎನ್ನುತ್ತಾರೆ. ಆಗ ಗ್ಯಾಸ್‌ಗೆ ಇಂಜೆಕ್ಷನ್ ಹಾಕಿ ಕಳಿಸುವ ಸಾಧ್ಯತೆಯೇ ಜಾಸ್ತಿ. 'ನಿನ್ನೆ ಎಂಟಕ್ಕೆ ಕಳ್ಳಭಟ್ಟಿ, ಇವತ್ತು ಕಣ್ಣು ಕಾಣ್ತಿಲ್ಲ' ಎಂಬ ಒಂದೇ ಮಾತು ಸಾಕು. ರಕ್ತದ ಹುಳಿ ಎಷ್ಟಿದೆ ನೋಡಿ ಸೋಡಿಯಂ ಬೈಕಾರ್ಬನೇಟ್ ಹಾಕುತ್ತಾರೆ. ಕಿಣ್ವ ತಡೆಯಲು ಫೋಮೆಪಿಝೋಲ್ ಅಥವಾ ಎಥನಾಲ್, ಫಾರ್ಮಿಕ್ ಆಮ್ಲ ಬೇಗ ಕರಗಲು ಫೋಲಿನಿಕ್ ಆಮ್ಲ. ಡಯಾಲಿಸಿಸ್ ಮೆಥನಾಲನ್ನೂ ಆಮ್ಲವನ್ನೂ ತೊಳೆದು ತೆಗೆಯುತ್ತದೆ. ನನ್ನನ್ನು ಕೇಳಿದರೆ ಡಯಾಲಿಸಿಸ್ ಇರುವ ಆಸ್ಪತ್ರೆಗೇ ನೇರ ಹೋಗಿ, ಅದು ಹತ್ತು ಕಿಲೋಮೀಟರ್ ದೂರವಾದರೂ ಸರಿ. ಉಳಿದ ಪ್ಯಾಕೆಟ್ ಇದ್ದರೆ ಕವರಿನಲ್ಲಿ ಹಾಕಿ ತನ್ನಿ.

ಆ ಅಣ್ಣ ಆಸ್ಪತ್ರೆಗೆ ಬಂದದ್ದು ಸಂಜೆ ಐದಕ್ಕೆ, ಕುಡಿದು 21 ಗಂಟೆ ಆದ ಮೇಲೆ. ಟಾರ್ಚ್ ಬಿಟ್ಟರೆ ಕಣ್ಣಿನ ಪಾಪೆ ಕದಲಲಿಲ್ಲ. ಜೀವ ಉಳಿಯಿತು. ಈಗ ಒಂದು ಕಣ್ಣಿಗೆ ಎದುರು ನಿಂತವರ ನೆರಳು ಮಾತ್ರ ಕಾಣುತ್ತದೆ.

ಹಂತ 6: ಜೊತೆಗೆ ಕುಡಿದವರನ್ನು ಹುಡುಕಿ. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಮೊದಲು ಸತ್ತವರ ಮಣ್ಣಿಗೆ ಬಂದವರೂ ಅದೇ ಸಾರಾಯಿ ಕುಡಿದಿದ್ದರು ಎಂದು ಆಗ ಸುದ್ದಿಯಾಗಿತ್ತು. ನಮ್ಮಲ್ಲೂ ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರದ ಸುತ್ತ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಹೀಗೇ ಸಾಲು ಸಾಲು ಸಾವಾಗಿತ್ತು.

ಅಣ್ಣನ ಹೆಂಡತಿ ಹೇಳಿದ್ದರಿಂದ ಆ ಪಕ್ಕದ ಮನೆಯವನಿಗೆ ನಾವು ಭಾನುವಾರ ರಾತ್ರಿಯೇ ಹೇಳಿ ಕಳಿಸಿದೆವು. ಅವನು ಕುಡಿದದ್ದು ಅರ್ಧ ಪ್ಯಾಕೆಟ್. 'ನಂಗೇನಾಗಿದೆ, ಹಸು ಹಾಲು ಕರೀಬೇಕು' ಎಂದು ರೇಗಾಡಿಕೊಂಡೇ ಬಂದ. ರಕ್ತ ನೋಡಿದರೆ ಹುಳಿ ಆಗಲೇ ಏರಲು ಶುರುವಾಗಿತ್ತು. ಎರಡು ದಿನ ಮಲಗಿ, ಬಸ್ಸಿನ ಬೋರ್ಡ್ ತಾನೇ ಓದಿಕೊಂಡು ಊರಿಗೆ ಹೋದ.