ಸಾಲದ ಕಂತನ್ನು ಸಂಬಳದ ದಿನಕ್ಕೆ ಹೊಂದಿಸಿಕೊಂಡ ಬಗೆ

ನನ್ನ ಸಂಬಳ ತಿಂಗಳ 1ರಂದು ಬರುತ್ತದೆ. ಸಾಲದ ಕಂತು ಮಾತ್ರ 28ರಂದು, ಖಾತೆ ಬಹುಪಾಲು ಬರಿದಾಗಿರುವ ಹೊತ್ತಿನಲ್ಲಿ, ಕಡಿತವಾಗುತ್ತಿತ್ತು. ಕಂತಿನ ದಿನವನ್ನು ಬದಲಿಸಲು ಅರ್ಜಿ ಕೊಡುವ ಮೊದಲು, ಸಂಬಳ ನಿಜವಾಗಿ ಜಮೆಯಾದ ದಿನಾಂಕಗಳನ್ನು ಪಾಸ್‌ಬುಕ್ಕಿನಲ್ಲಿ ನೋಡಿದೆ. 1ನೇ ತಾರೀಕು ರಜೆಯ ದಿನವಾದಾಗಲೆಲ್ಲ ಅದು 3 ಅಥವಾ 4ರವರೆಗೆ ಜಾರಿತ್ತು. ಸ್ವಯಂಚಾಲಿತ ಕಡಿತ ಬೆಳಿಗ್ಗೆಯೇ ನಡೆದುಬಿಟ್ಟರೆ ಅದೇ ದಿನ ಸಂಜೆ ಬರುವ ಸಂಬಳದಿಂದ ಪ್ರಯೋಜನವಿಲ್ಲ. ಆದ್ದರಿಂದ 1ನ್ನು ಬಿಟ್ಟು 5ನೇ ತಾರೀಕನ್ನು ಆರಿಸಿಕೊಂಡೆ.

ಗಡುವು ಕಳೆದ ಮೇಲೂ ಕಟ್ಟಲು ಕೆಲವು ದಿನ ಕೊಡುವ ಗ್ರೇಸ್ ಅವಧಿ ಇರುವಾಗ ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಿದ್ದಾರೆ. ನನ್ನ ಸಾಲದ ಒಪ್ಪಂದದಲ್ಲಿ ಆ ಅವಧಿ ತಡೆಯುತ್ತಿದ್ದುದು ವಿಳಂಬ ಶುಲ್ಕವನ್ನು ಮಾತ್ರ. ಬಾಕಿ ಅಸಲಿನ ಮೇಲಿನ ಬಡ್ಡಿ ಆ ದಿನಗಳಲ್ಲಿಯೂ ಸೇರುತ್ತಲೇ ಇತ್ತು. ಅದಕ್ಕಿಂತ ಮುಖ್ಯವಾಗಿ, ಸ್ವಯಂಚಾಲಿತ ಕಡಿತ ಗ್ರೇಸ್ ಅವಧಿ ಮುಗಿಯುವವರೆಗೆ ಕಾಯದೆ ಗಡುವಿನ ದಿನವೇ ನಡೆಯುತ್ತದೆ. ಆಗ ಖಾತೆಯಲ್ಲಿ ಹಣವಿಲ್ಲದಿದ್ದರೆ, ಸಾಲ ಕೊಟ್ಟವರು ಶುಲ್ಕ ಬಿಟ್ಟರೂ ಖಾತೆ ಇರುವ ಬ್ಯಾಂಕು ಕಡಿತ ವಾಪಸಾದುದಕ್ಕೆ ಪ್ರತ್ಯೇಕ ಶುಲ್ಕ ಹಾಕಬಹುದು.

ದಿನ ಬದಲಿಸುವುದಕ್ಕೂ ಒಂದು ಬೆಲೆಯಿದೆ. ಬಾಕಿ ಅಸಲು 3,00,000, ವಾರ್ಷಿಕ ಬಡ್ಡಿ ಶೇ. 12 ಎಂದಿಟ್ಟುಕೊಂಡರೆ ದಿನದ ಬಡ್ಡಿ ಸುಮಾರು 98.6 ಆಗುತ್ತದೆ, 30 ದಿನಗಳ ತಿಂಗಳಲ್ಲಿ 28ರಿಂದ ಮುಂದಿನ 5ರವರೆಗೆ 7 ದಿನ, ಅಂದರೆ ಸುಮಾರು 690. ಇದು ಒಮ್ಮೆ ಮಾತ್ರ ಬರುವ ಖರ್ಚು. ಆದರೆ ಈ ಮೊತ್ತವನ್ನು ಮೊದಲ ಕಂತಿನ ಜೊತೆಗೇ ವಸೂಲು ಮಾಡುತ್ತಾರೆಯೇ ಅಥವಾ ಅಸಲಿಗೆ ಸೇರಿಸುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು, ಏಕೆಂದರೆ ಅಸಲಿಗೆ ಸೇರಿದರೆ ಅದರ ಮೇಲೂ ಬಡ್ಡಿ ಬೀಳುತ್ತದೆ. ನಾನು ಆ ಬಡ್ಡಿಯನ್ನು ಕೈಯಿಂದಲೇ ಕಟ್ಟಿ ಮುಗಿಸಿದೆ.

ಕ್ರೆಡಿಟ್ ಕಾರ್ಡಿನ ಲೆಕ್ಕ ಬೇರೆ. ಅಲ್ಲಿ ಗಡುವು ಬಿಲ್ಲಿನ ದಿನವನ್ನು ಅನುಸರಿಸುತ್ತದೆ, ಹಾಗಾಗಿ ಬದಲಿಸಬೇಕಾದುದು ಬಿಲ್ಲಿನ ದಿನವನ್ನು. ನನ್ನ ಕಾರ್ಡಿನಲ್ಲಿ ಎರಡರ ನಡುವೆ 20 ದಿನಗಳಿದ್ದುದರಿಂದ ಬಿಲ್ಲನ್ನು 17ಕ್ಕೆ ತರಿಸಿದೆ. ಗಡುವು 6 ಅಥವಾ 7ಕ್ಕೆ, ಫೆಬ್ರವರಿಯ ಬಿಲ್ಲಿಗೆ ಮಾತ್ರ 8 ಅಥವಾ 9ಕ್ಕೆ, ಕಂತು ಹೋದ ಮೇಲೆ ಬೀಳುತ್ತದೆ. ಇಲ್ಲಿ ಬಡ್ಡಿರಹಿತ ಅವಧಿ ನಿಜವಾಗಿಯೂ ಬಡ್ಡಿಯನ್ನು ತಡೆಯುತ್ತದೆ, ಆದರೆ ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟಿದ್ದರೆ ಮಾತ್ರ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದವರಿಗೆ ಹೊಸ ಖರೀದಿಗಳ ಮೇಲೂ ಬಡ್ಡಿ ಶುರುವಾಗುವುದರಿಂದ, ಅಂಥ ಸ್ಥಿತಿಯಲ್ಲಿ ದಿನಾಂಕ ಬದಲಿಸಿದರೆ ಹೆಚ್ಚಿನ ಲಾಭವಿಲ್ಲ.

ದಿನಾಂಕ ಬದಲಾಗದ ವಿದ್ಯುತ್, ನೀರಿನ ಬಿಲ್ಲುಗಳಿಗೆ ಬೇಕಾಗುವ ಹಣವನ್ನು ಸಂಬಳ ಬಂದ ಕೂಡಲೇ ಬೇರೊಂದು ಖಾತೆಗೆ ಹಾಕುತ್ತೇನೆ. ಇನ್ನು ಕಂತಿನ ವಿಷಯದಲ್ಲಿ, ಹೊಸ ದಿನಾಂಕ ಮರುಪಾವತಿ ಪಟ್ಟಿಯಲ್ಲಿಯೂ ಕಡಿತದ ಆದೇಶದಲ್ಲಿಯೂ ಕಾಣಿಸುವವರೆಗೆ 28ಕ್ಕೆ ಬೇಕಾದ ಹಣವನ್ನು ಕಂತು ಕಡಿತವಾಗುವ ಖಾತೆಯಿಂದ ತೆಗೆಯಲಿಲ್ಲ. ಪಟ್ಟಿ ಬದಲಾಗಿ ಆದೇಶ ಬದಲಾಗದೆ ಉಳಿದರೆ ಕಡಿತ ಹಳೆಯ ದಿನವೇ ಬರಬಹುದು.