ಸಾಣಿಕಟ್ಟಾ ಉಪ್ಪಿನಲ್ಲಿ ಸಲ್ಫೇಟ್ ಎಷ್ಟು? ಸೋಸಿ, ಸುಟ್ಟು, ತೂಗಿ ನೋಡಿದ್ದು

ಗೋಕರ್ಣದ ಹತ್ತಿರದ ಸಾಣಿಕಟ್ಟಾ ಆಗರಗಳ ಹರಳುಪ್ಪಿನಲ್ಲಿ ಅಡುಗೆ ಉಪ್ಪಿನ ಜೊತೆ ಸಮುದ್ರದ ಜಿಪ್ಸಮ್ಮೂ ಮೆಗ್ನೀಸಿಯಮ್ ಲವಣಗಳೂ ಸ್ವಲ್ಪ ಉಳಿದಿರುತ್ತವೆ. ಅದರಲ್ಲಿ ಸಲ್ಫೇಟ್ ಶೇಕಡಾ ಎಷ್ಟು ಎಂದು ಕಾರವಾರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮಕ್ಕಳಿಂದ ತೂಗಿಸುತ್ತೇನೆ. ಸಲ್ಫೇಟನ್ನು ಬೇರಿಯಮ್ ಸಲ್ಫೇಟಾಗಿ ಕೆಳಗಿಳಿಸಿ, ಆ ಬಿಳಿ ಪ್ರಕ್ಷೇಪವನ್ನು ತೂಗಿ, ಲೆಕ್ಕ ಹಾಕುವುದು. ಈ ಸಲ ನಾನೇ ಎರಡು ಮಾದರಿಗಳನ್ನು ಜೊತೆಯಾಗಿ ಮಾಡಿದೆ.

ಒಣಗಿಸಿದ ಉಪ್ಪು ಸುಮಾರು 10 ಗ್ರಾಂ ತೆಗೆದುಕೊಂಡು ಬಿಸಿನೀರಿನಲ್ಲಿ ಕರಗಿಸಿದೆ. ಜಿಪ್ಸಮ್ ನಿಧಾನವಾಗಿ ಕರಗುವ ವಸ್ತು. ಅವಸರ ಮಾಡಿದರೆ ಅದು ಕೆಸರಿನ ಜೊತೆ ಸೋಸುಕಾಗದದಲ್ಲೇ ಉಳಿಯುತ್ತದೆ. ಹಾಗಾಗಿ ಚೆನ್ನಾಗಿ ಕಲಕಿ, ಕೆಸರನ್ನು ಬಿಸಿನೀರಿನಿಂದ ತೊಳೆದು, ಒಟ್ಟು 300 ಮಿಲಿ ಲೀಟರ್ ಮಾಡಿಕೊಂಡೆ. ಗಾಢ ಹೈಡ್ರೋಕ್ಲೋರಿಕ್ ಆಮ್ಲ 2 ಮಿಲಿ ಹಾಕಿ, ಕುದಿಯುವ ಹಂತಕ್ಕೆ ತಂದು, ಶೇಕಡಾ 5ರ ಬಿಸಿ ಬೇರಿಯಮ್ ಕ್ಲೋರೈಡ್ ದ್ರಾವಣ 10 ಮಿಲಿಯನ್ನು ಹನಿಹನಿಯಾಗಿ ಬಿಟ್ಟೆ. ನಮ್ಮ ಮಾದರಿಗೆ ಬೇಕಾದ್ದಕ್ಕಿಂತ ಇದು ಸುಮಾರು ಎರಡು ಪಟ್ಟು. ಎಲ್ಲವನ್ನೂ ಒಮ್ಮೆಗೇ ಸುರಿದರೆ ಕಣಗಳು ತೀರ ಸಣ್ಣದಾಗುತ್ತವೆ, ಕ್ಲೋರೈಡನ್ನೂ ತಮ್ಮೊಳಗೆ ಸಿಕ್ಕಿಸಿಕೊಳ್ಳುತ್ತವೆ. ಆಮೇಲೆ ಎರಡು ಗಂಟೆ ನೀರಿನ ಆವಿಯ ಮೇಲಿಟ್ಟು, ರಾತ್ರಿಯಿಡೀ ಹಾಗೇ ಬಿಟ್ಟೆ. ಸಣ್ಣ ಹರಳುಗಳು ಕರಗಿ ದೊಡ್ಡವಕ್ಕೆ ಕೂಡಿಕೊಳ್ಳಲು ಈ ಸಮಯ ಬೇಕು. ಬೆಳಿಗ್ಗೆ ತಿಳಿನೀರಿಗೆ ಒಂದು ಹನಿ ಬೇರಿಯಮ್ ಕ್ಲೋರೈಡ್ ಬಿಟ್ಟೆ, ಮಬ್ಬು ಕಾಣಲಿಲ್ಲ.

ಸೋಸುವಾಗ ಬೂದಿರಹಿತ, ತೀರ ಸೂಕ್ಷ್ಮ ರಂಧ್ರದ ಸೋಸುಕಾಗದವೇ ಆಗಬೇಕು. ಒಂದು ಬೀಕರಿನ ಸೋಸಿದ ನೀರನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ತೆಳುವಾದ ಹಾಲಿನ ಛಾಯೆ ಕಂಡಿತು. ಅದನ್ನು ಚೆಲ್ಲದೆ ಅದೇ ಕಾಗದದ ಮೇಲೆ ಮತ್ತೆ ಹೊಯ್ದೆ. ರಂಧ್ರಗಳು ಅಷ್ಟರಲ್ಲಿ ಪ್ರಕ್ಷೇಪದಿಂದಲೇ ಕಿರಿದಾಗಿದ್ದವು, ಎರಡನೆಯ ಸಲ ನೀರು ತಿಳಿಯಾಗಿ ಇಳಿಯಿತು. ಬಳಿಕ ಬಿಸಿನೀರಿನಿಂದ ಸ್ವಲ್ಪಸ್ವಲ್ಪವಾಗಿ, ಕೊನೆಯ ಹನಿಗಳಿಗೆ ಬೆಳ್ಳಿ ನೈಟ್ರೇಟ್ ಬಿಟ್ಟರೆ ಬಿಳಿ ಬರದಿರುವವರೆಗೆ ತೊಳೆದೆ. ಉಪ್ಪಿನ ದ್ರಾವಣವಾದ್ದರಿಂದ ಇದಕ್ಕೆ ತಾಳ್ಮೆ ಬೇಕು. ಉಳಿದ ಸೋಡಿಯಮ್ ಕ್ಲೋರೈಡ್ ಎಲ್ಲವೂ ತೂಕದಲ್ಲೇ ಲೆಕ್ಕಕ್ಕೆ ಬರುತ್ತದೆ.

ಕಾಗದವನ್ನು ಮಡಚಿ ತೂಗಿದ ಪಿಂಗಾಣಿ ಕ್ರೂಸಿಬಲ್‌ನಲ್ಲಿಟ್ಟು, ಜ್ವಾಲೆ ಏಳದಂತೆ ಮೆಲ್ಲಗೆ ಕರಿಗಟ್ಟಿಸಿ, ಆಮೇಲೆ 800 ಡಿಗ್ರಿಯ ಕುಲುಮೆಗೆ ಕೊಟ್ಟೆ. ಕಾಗದದ ಇಂಗಾಲ ಗಾಳಿಯಿಲ್ಲದೆ ಕಾದರೆ ಬೇರಿಯಮ್ ಸಲ್ಫೇಟನ್ನು ಬೇರಿಯಮ್ ಸಲ್ಫೈಡಾಗಿ ಅಪಕರ್ಷಿಸುತ್ತದೆ, ತೂಕ ಕಡಿಮೆಯಾಗುತ್ತದೆ. ಸುಡದೆ ಉಳಿದ ಇಂಗಾಲವೋ ತೂಕವನ್ನು ಹೆಚ್ಚಿಸುತ್ತದೆ. ಮೊದಲನೆಯ ಕ್ರೂಸಿಬಲ್ ಅಚ್ಚ ಬಿಳಿಯಾಗಿ ಬಂದು ಪ್ರಕ್ಷೇಪ 0.2373 ಗ್ರಾಂ ತೂಗಿತು. ಎರಡನೆಯದರ ತಳದಲ್ಲಿ ಬೂದು ಛಾಯೆ ಇತ್ತು, ತೂಕ 0.2402. ಅದನ್ನು ಮತ್ತೆ ಕುಲುಮೆಗಿಟ್ಟಾಗ 0.2379, ಇನ್ನೊಮ್ಮೆ ಇಟ್ಟಾಗ 0.2377. ಅಲ್ಲಿಗೆ ನಿಲ್ಲಿಸಿದೆ.

ಮಳೆಗಾಲದ ಕಾರವಾರದಲ್ಲಿ ಡೆಸಿಕೇಟರಿನ ಸಿಲಿಕಾ ಜೆಲ್ ಬಹುಬೇಗ ಬಣ್ಣ ಬದಲಿಸುತ್ತದೆ. ಅದನ್ನು ಹುರಿದು ನೀಲಿ ಮಾಡಿಕೊಳ್ಳದೆ ತೂಗಿದ್ದರಲ್ಲಿ ನನಗೆ ನಂಬಿಕೆಯಿಲ್ಲ. ಕ್ರೂಸಿಬಲ್ ಪೂರ್ತಿ ಆರಬೇಕು. ಬಿಸಿಯಿದ್ದರೆ ಸುತ್ತಲ ಗಾಳಿ ಮೇಲೇರಿ ತಕ್ಕಡಿ ಕಡಿಮೆ ತೋರಿಸುತ್ತದೆ.

ಲೆಕ್ಕ ಸರಳ. ಸಲ್ಫೇಟಿನ ತೂಕ 96.06ನ್ನು ಬೇರಿಯಮ್ ಸಲ್ಫೇಟಿನ 233.39ರಿಂದ ಭಾಗಿಸಿದರೆ 0.4116. ಮೊದಲ ಮಾದರಿ 10.012 ಗ್ರಾಂ:

```
0.2373 × 0.4116 / 10.012 × 100 = 0.976 %
0.2377 × 0.4116 / 10.008 × 100 = 0.978 %
```

ಎರಡನೆಯದನ್ನು ಬೂದು ಬಣ್ಣದಲ್ಲೇ ಬಿಟ್ಟಿದ್ದರೆ 0.988 ಬರುತ್ತಿತ್ತು. ಆದರೆ ನಿಜವಾಗಿ ಹೆದರಬೇಕಾದದ್ದು ಬೇರೆ. ಅದೇ ಮಾದರಿಯಲ್ಲಿ ಎರಡೂವರೆ ಮಿಲಿಗ್ರಾಂ ಪ್ರಕ್ಷೇಪ ಕಾಗದದಿಂದ ಸೋರಿ, ಅಷ್ಟೇ ಇಂಗಾಲ ಉಳಿದಿದ್ದರೆ, ಉತ್ತರ ಮತ್ತೆ 0.978ರ ಸುತ್ತಲೇ ನಿಲ್ಲುತ್ತಿತ್ತು. ಸೋಸುವಿಕೆಯ ತಪ್ಪು ತೂಕ ಇಳಿಸುತ್ತದೆ, ಅರೆಸುಟ್ಟ ತಪ್ಪು ಏರಿಸುತ್ತದೆ, ಒಂದನ್ನೊಂದು ಮುಚ್ಚಿಹಾಕುತ್ತವೆ. ಎರಡು ಅಂಕಿಗಳು ಒಂದಕ್ಕೊಂದು ಹೊಂದಿದವು ಎಂಬ ಮಾತ್ರಕ್ಕೆ ನಾನು ಒಪ್ಪುವುದಿಲ್ಲ. ಸೋಸಿದ ನೀರು ತಿಳಿಯಾಗಿತ್ತೇ, ಪ್ರಕ್ಷೇಪ ಬಿಳಿಯಾಗಿತ್ತೇ, ಸತತ ಎರಡು ತೂಕಗಳ ಅಂತರ 0.3 ಮಿಲಿಗ್ರಾಂ ಒಳಗಿತ್ತೇ ಎಂದು ಮಕ್ಕಳ ಪುಸ್ತಕದಲ್ಲಿ ಮೊದಲು ನೋಡುತ್ತೇನೆ.

ಈ ಮಿಲಿಗ್ರಾಮುಗಳಿಗಿಂತ ದೊಡ್ಡ ವ್ಯತ್ಯಾಸ ಉಪ್ಪಿನಲ್ಲೇ ಇದೆ. ಮೆಗ್ನೀಸಿಯಮ್ ಕ್ಲೋರೈಡ್ ತೇವ ಹೀರುವುದರಿಂದ, ಚೀಲದಿಂದ ತೆಗೆದ ಅದೇ ಉಪ್ಪು 110 ಡಿಗ್ರಿಯಲ್ಲಿ ಒಣಗಿಸುವಾಗ ಶೇಕಡಾ 5.4ರಷ್ಟು ತೂಕ ಕಳೆದುಕೊಂಡಿತು. ಒಣ ಉಪ್ಪಿಗೆ ಸರಾಸರಿ 0.977 ಎಂದಿದ್ದದ್ದು ಚೀಲದ ಉಪ್ಪಿಗೆ 0.924 ಆಗುತ್ತದೆ. ಹಾಗಾಗಿ ಫಲಿತಾಂಶದ ಸಾಲಿನಲ್ಲಿ "ಒಣ ಉಪ್ಪಿನ ಆಧಾರದ ಮೇಲೆ" ಎಂದು ಬರೆಯದಿದ್ದರೆ ನಾನು ಅಂಕ ಕೊಡುವುದಿಲ್ಲ.