ಆರಿಸುವುದು ಸುಲಭ, ಮತ್ತೆ ಹಚ್ಚುವವರು ಯಾರು? ಸ್ಮಾರ್ಟ್ ಪ್ಲಗ್‌ನೊಂದಿಗೆ ನನ್ನ ಅನುಭವ

ನಾನು ನೋಡಿಕೊಳ್ಳುವ ಒಂದು ಸಣ್ಣ ಲಿನಕ್ಸ್ ಕಂಪ್ಯೂಟರ್ ನಾನಿರುವ ಊರಿನಲ್ಲಿಲ್ಲ. ಬ್ಯಾಕಪ್‌ಗಳನ್ನು ಇಟ್ಟುಕೊಳ್ಳುವುದು ಅದರ ಕೆಲಸ. ಅದರ ಪಕ್ಕದಲ್ಲೇ ಒಂದು ರೂಟರ್ ಇದೆ. ಆಗಾಗ ಈ ಎರಡರಲ್ಲಿ ಒಂದು ಸ್ತಬ್ಧವಾಗುತ್ತಿತ್ತು. ಯಾರಾದರೂ ಹೋಗಿ ಸ್ವಿಚ್ ಆರಿಸಿ ಹಾಕಿದರೆ ಎಲ್ಲವೂ ಸರಿಹೋಗುತ್ತಿತ್ತು. ಆ ‘ಯಾರಾದರೂ’ ಪ್ರತಿಸಲ ಸಿಗುತ್ತಿರಲಿಲ್ಲವಾದ್ದರಿಂದ ಎರಡಕ್ಕೂ ಒಂದೊಂದು ಸ್ಮಾರ್ಟ್ ಪ್ಲಗ್ ಹಾಕಿದೆ.

ಮೊದಲ ಬಾರಿ ರೂಟರ್ ನಿಧಾನವಾದಾಗ ಮೊಬೈಲ್ ಆ್ಯಪ್ ತೆರೆದು ಅದರ ಪ್ಲಗ್ ಆರಿಸಿದೆ. ಒಂದು ನಿಮಿಷ ಬಿಟ್ಟು ಹಚ್ಚಲು ಹೋದರೆ ಪ್ಲಗ್ ಸಂಪರ್ಕದಲ್ಲೇ ಇರಲಿಲ್ಲ. ಇರುವುದಾದರೂ ಹೇಗೆ? ನನ್ನ ಆದೇಶ ಆ ಪ್ಲಗ್‌ಗೆ ತಲುಪುತ್ತಿದ್ದುದು ಅದೇ ರೂಟರ್‌ನ ವೈಫೈ ಮೂಲಕ. ಹೋಗುವ ದಾರಿಯನ್ನು ನಾನೇ ಕಡಿದುಹಾಕಿದ್ದೆ. ಎರಡು ದಿನಗಳ ನಂತರ ಒಬ್ಬರು ಹೋಗಿ ಪ್ಲಗ್‌ನ ಗುಂಡಿ ಒತ್ತುವವರೆಗೆ ಅಲ್ಲಿಂದ ಯಾವ ಸುದ್ದಿಯೂ ಬರಲಿಲ್ಲ.

ಅಂದಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ‘ಆರಿಸು’ ಮತ್ತು ‘ಹಚ್ಚು’ ಎರಡೂ ಒಂದೇ ಆದೇಶದಲ್ಲಿ ಹೋಗಬೇಕು, ನಡುವಿನ ಕಾಯುವಿಕೆಯನ್ನು ಪ್ಲಗ್ ತಾನೇ ಎಣಿಸಬೇಕು. ನನ್ನ ಪ್ಲಗ್‌ನಲ್ಲಿ ಟಾಸ್ಮೋಟಾ ಎಂಬ ಮುಕ್ತ ಫರ್ಮ್‌ವೇರ್ ಇದೆ. ಅದರಲ್ಲಿ ಇದು ಒಂದೇ ಸಾಲಿನ ಕೆಲಸ:

```
curl "http://192.168.1.50/cm?cmnd=Backlog%20Power%20Off%3BDelay%20300%3BPower%20On"
```

ಇಲ್ಲಿ `Delay` ಎಣಿಸುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ. ಆದ್ದರಿಂದ 300 ಎಂದರೆ 30 ಸೆಕೆಂಡು. ಸಾಲು ಪ್ಲಗ್‌ಗೆ ತಲುಪಿದ ಮೇಲೆ ನೆಟ್‌ವರ್ಕ್ ಬೇಕಿಲ್ಲ. ರೂಟರ್ ಸತ್ತಿದ್ದರೂ ಪ್ಲಗ್ ತನ್ನ ಪಾಡಿಗೆ ಎಣಿಸಿ ಹಚ್ಚುತ್ತದೆ. ಬೇರೆ ಪ್ಲಗ್‌ಗಳಲ್ಲಿ ಇದೇ ಕೆಲಸಕ್ಕೆ ‘ಆರಿದ ಇಷ್ಟು ಸೆಕೆಂಡಿಗೆ ತಾನಾಗಿ ಹಚ್ಚು’ ಎಂಬ ಆಯ್ಕೆ ಇರುವುದುಂಟು. ಆದರೆ ಆ್ಯಪ್‌ನಲ್ಲಿ ಕಾಣುವ ಟೈಮರ್ ಪ್ಲಗ್‌ನೊಳಗೆ ನಡೆಯುತ್ತದೆಯೋ ತಯಾರಕರ ಸರ್ವರ್‌ನಲ್ಲಿ ನಡೆಯುತ್ತದೆಯೋ ಎಂಬುದನ್ನು ಮೊದಲೇ ಪರೀಕ್ಷಿಸಿ. ಪ್ಲಗ್‌ಗೆ ಟೇಬಲ್ ಲ್ಯಾಂಪ್ ಸಿಕ್ಕಿಸಿ, ಟೈಮರ್ ಹಾಕಿ, ವೈಫೈ ಆರಿಸಿ ಕಾಯಿರಿ. ದೀಪ ತಾನಾಗಿ ಹತ್ತಿದರೆ ಮಾತ್ರ ಆ ಪ್ಲಗ್ ರೂಟರ್‌ಗೆ ಯೋಗ್ಯ.

ಇನ್ನೊಂದು ತೊಡಕು ಉಳಿದಿತ್ತು. ರೂಟರ್ ಪೂರ್ತಿ ಸ್ತಬ್ಧವಾದರೆ ಹೊರಗಿನಿಂದ ನಾನು ಕಳಿಸುವ ಆದೇಶ ಪ್ಲಗ್‌ವರೆಗೆ ಬರುವುದೇ ಇಲ್ಲ. ಹಾಗಾಗಿ ಆದೇಶ ಒಳಗಿನಿಂದಲೇ ಹೊರಡಬೇಕು. ಅಲ್ಲಿರುವ ಲಿನಕ್ಸ್ ಕಂಪ್ಯೂಟರ್ ಐದು ನಿಮಿಷಕ್ಕೊಮ್ಮೆ ಹೊರಗಿನ ಎರಡು ವಿಳಾಸಗಳಿಗೆ ಪಿಂಗ್ ಕಳಿಸುತ್ತದೆ. ಸತತ ಮೂರು ಸಲ ಎರಡೂ ಉತ್ತರಿಸದಿದ್ದರೆ ಮೇಲಿನ ಸಾಲನ್ನು ಓಡಿಸುತ್ತದೆ. ರೂಟರ್‌ನ ಹೊರಸಂಪರ್ಕ ಮಾತ್ರ ಕೆಟ್ಟು ವೈಫೈ ಜೀವಂತವಾಗಿದ್ದರೆ ಇಷ್ಟು ಸಾಕು. ವೈಫೈಯೂ ಸತ್ತಿದ್ದರೆ ಈ ಆದೇಶವೂ ತಲುಪದು. ಅಂಥ ಸಂದರ್ಭಕ್ಕಾಗಿ ಪ್ಲಗ್‌ನೊಳಗೇ ದಿನಕ್ಕೊಮ್ಮೆ ನಸುಕಿನಲ್ಲಿ ರೂಟರ್ ಆರಿಸಿ ಹಚ್ಚುವ ವೇಳಾಪಟ್ಟಿ ಇಟ್ಟಿದ್ದೇನೆ. ಅಂದವಾದ ಪರಿಹಾರವೇನಲ್ಲ, ಆದರೆ ಕೆಟ್ಟ ದಿನವೊಂದು ವಾರವಾಗುವುದನ್ನು ಅದು ತಪ್ಪಿಸಿದೆ.

ಈ ಸ್ವಯಂಚಾಲನೆಗೆ ಕಡಿವಾಣ ಬೇಕೆಂದು ಗೊತ್ತಾದದ್ದು ಹೊರಗಿನ ಕೇಬಲ್ ತುಂಡಾದ ರಾತ್ರಿ. ರೂಟರ್‌ನಲ್ಲಿ ಯಾವ ದೋಷವೂ ಇರಲಿಲ್ಲ, ಆದರೂ ಸ್ಕ್ರಿಪ್ಟ್ ಬೆಳಗಿನವರೆಗೆ ಅದನ್ನು ಆರಿಸಿ ಹಚ್ಚುತ್ತಲೇ ಇತ್ತು. ಈಗ ಒಮ್ಮೆ ಆರಿಸಿ ಹಚ್ಚಿದ ಮೇಲೆ ಒಂದು ಗಂಟೆ, ಮತ್ತೂ ಸರಿಹೋಗದಿದ್ದರೆ ಆರು ಗಂಟೆ ಸುಮ್ಮನಿರುವಂತೆ ಮಾಡಿದ್ದೇನೆ. ರೂಟರ್ ತನ್ನ ಫರ್ಮ್‌ವೇರ್ ಬದಲಾಯಿಸಿಕೊಳ್ಳುತ್ತಿರುವಾಗಲೂ ಪಿಂಗ್ ನಿಲ್ಲುತ್ತದೆ. ಆ ಗಳಿಗೆಯಲ್ಲಿ ವಿದ್ಯುತ್ ಕಡಿದರೆ ರೂಟರ್ ಮತ್ತೆ ಏಳದೇ ಹೋಗಬಹುದು. ಆದ್ದರಿಂದ ಅದರ ಸ್ವಯಂ ಅಪ್‌ಡೇಟ್ ನಿಲ್ಲಿಸಿ, ಆ ಕೆಲಸವನ್ನು ಸ್ಕ್ರಿಪ್ಟ್ ಆರಿಸಿಟ್ಟು ನಾನೇ ಮಾಡುತ್ತೇನೆ.

ಕಂಪ್ಯೂಟರ್‌ನ ಕಥೆ ಬೇರೆ. ಅದು ಸ್ತಬ್ಧವಾದಾಗ ರೂಟರ್ ನೆಟ್ಟಗಿರುವುದರಿಂದ ಪ್ಲಗ್ ನನ್ನ ಮಾತು ಕೇಳುತ್ತದೆ. ಮೊದಲ ಸಲ ಆರಿಸಿ ಹಚ್ಚಿದಾಗ ಪ್ಲಗ್ ಹತ್ತಿತು, ಕಂಪ್ಯೂಟರ್ ಬರಲಿಲ್ಲ. ಪ್ಲಗ್‌ನಲ್ಲಿದ್ದ ವಿದ್ಯುತ್ ಮಾಪಕ ಕಾರಣ ಹೇಳಿತು. ಎಂದಿನಂತೆ ಓಡುತ್ತಿದ್ದಾಗ 38 ವ್ಯಾಟ್ ತೋರಿಸುತ್ತಿದ್ದುದು ಈಗ ಎರಡು ವ್ಯಾಟ್‌ಗಿಂತ ಕಡಿಮೆ ತೋರಿಸುತ್ತಿತ್ತು. ಅಂದರೆ ಮದರ್‌ಬೋರ್ಡ್‌ಗೆ ವಿದ್ಯುತ್ ಬಂದಿದೆ, ಯಾರೋ ಪವರ್ ಬಟನ್ ಒತ್ತಲಿ ಎಂದು ಅದು ಕಾಯುತ್ತಿದೆ. ಬಯೋಸ್‌ನಲ್ಲಿ ಇದಕ್ಕೊಂದು ಆಯ್ಕೆ ಇರುತ್ತದೆ. `Restore on AC Power Loss` ಅಥವಾ ಅದನ್ನು ಹೋಲುವ ಹೆಸರು. ಅದನ್ನು `Power On` ಮಾಡಬೇಕು. `Last State` ಎಂದಿಟ್ಟರೆ ಸಾಕೆಂದು ತೋರುತ್ತದೆ, ಆದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿದ್ದರೆ ಹಿಂದಿನ ಸ್ಥಿತಿ ‘ಆರಿದ್ದು’ ಎಂದೇ ದಾಖಲಾಗಿರುತ್ತದೆ. ಆಗ ಪ್ಲಗ್ ಎಷ್ಟು ಸಲ ಆರಿಸಿ ಹಚ್ಚಿದರೂ ಅದು ಏಳುವುದಿಲ್ಲ.

30 ಸೆಕೆಂಡು ಯಾಕೆ ಎಂದು ಕೇಳುವವರು ಒಮ್ಮೆ ಕಂಪ್ಯೂಟರ್‌ನ ಮುಚ್ಚಳ ತೆಗೆದು ನೋಡಬೇಕು. ವೈರ್ ಕಿತ್ತ ಮೇಲೂ ನನ್ನ ಮದರ್‌ಬೋರ್ಡ್‌ನ ಪುಟ್ಟ ಹಸಿರು ದೀಪ ಕೆಲವು ಸೆಕೆಂಡು ಉರಿದು, ಮಂಕಾಗಿ, ಆಮೇಲೆ ಆರುತ್ತದೆ. ಪವರ್ ಸಪ್ಲೈನ ಕೆಪಾಸಿಟರ್‌ಗಳಲ್ಲಿ ಉಳಿದಿರುವ ವಿದ್ಯುತ್ ಅದು. ಅದು ಖಾಲಿಯಾಗುವ ಮೊದಲೇ ಹಚ್ಚಿಬಿಟ್ಟರೆ, ವಿದ್ಯುತ್ ಹೋಗಿತ್ತೆಂಬುದೇ ಬೋರ್ಡ್‌ಗೆ ಗೊತ್ತಾಗದಿರಬಹುದು. ಇದೇ ಕಾರಣಕ್ಕೆ ಯುಪಿಎಸ್ ಇದ್ದರೆ ಪ್ಲಗ್ ಅದರ ಹೊರಭಾಗದಲ್ಲಿ, ಯುಪಿಎಸ್ ಮತ್ತು ಕಂಪ್ಯೂಟರ್ ನಡುವೆ ಇರಬೇಕು. ಗೋಡೆ ಮತ್ತು ಯುಪಿಎಸ್ ನಡುವೆ ಹಾಕಿದರೆ ಬ್ಯಾಟರಿಯೇ ಕಂಪ್ಯೂಟರನ್ನು ಸಾಕುತ್ತಿರುತ್ತದೆ. ಬ್ಯಾಟರಿ ಇರುವ ಲ್ಯಾಪ್‌ಟಾಪ್‌ಗೆ ಈ ಉಪಾಯ ನಡೆಯುವುದಿಲ್ಲ.

ಹಾಗೆಂದು ಪ್ಲಗ್‌ಗೆ ನಾನು ಮೊದಲೇ ಕೈ ಹಾಕುವುದಿಲ್ಲ. ವಿದ್ಯುತ್ ಥಟ್ಟನೆ ಕಡಿದರೆ, ಜರ್ನಲ್ ಇರುವ ext4 ಕಡತ ವ್ಯವಸ್ಥೆ ತನ್ನ ರಚನೆಯನ್ನು ಕಾಪಾಡಿಕೊಳ್ಳುತ್ತದೆ, ಆದರೆ ಆ ಕ್ಷಣ ಬರೆಯುತ್ತಿದ್ದ ಕಡತಕ್ಕೆ ಯಾವ ಭರವಸೆಯೂ ಇಲ್ಲ. ಎಸ್‌ಎಸ್‌ಎಚ್ ಹೇಗೋ ತೆರೆದು `reboot` ಮಾತ್ರ ಸಿಕ್ಕಿಕೊಂಡಿದ್ದರೆ ರೂಟ್ ಆಗಿ ಇದನ್ನು ಮಾಡುತ್ತೇನೆ:

```
echo s > /proc/sysrq-trigger
sleep 5
echo u > /proc/sysrq-trigger
sleep 5
echo b > /proc/sysrq-trigger
```

ಮೊದಲನೆಯದು ಬರೆಯಬೇಕಾದ್ದನ್ನು ಡಿಸ್ಕ್‌ಗೆ ಬರೆಸಲು ನೋಡುತ್ತದೆ, ಎರಡನೆಯದು ಡಿಸ್ಕನ್ನು ಓದುವುದಕ್ಕಷ್ಟೇ ಎಂದು ಮಾಡುತ್ತದೆ, ಮೂರನೆಯದು ಕರ್ನಲ್‌ನಿಂದಲೇ ನೇರವಾಗಿ ರೀಬೂಟ್ ಮಾಡಿಸುತ್ತದೆ. ಇದಕ್ಕೂ ಜಗ್ಗದಿದ್ದರೆ ಮಾತ್ರ ಪ್ಲಗ್.

ಕೊನೆಗೆ ನನ್ನನ್ನು ಬಹಳ ಕಾಡಿದ್ದು ಎಲ್ಲವೂ ಸರಿಯಾಗಿ ಕಂಡರೂ ಕಂಪ್ಯೂಟರ್ ಬಾರದ ಒಂದು ದಿನ. ಮಾಪಕದಲ್ಲಿ 38 ವ್ಯಾಟ್ ಇತ್ತು, ಪಿಂಗ್‌ಗೆ ಉತ್ತರವಿರಲಿಲ್ಲ. ಇಡೀ ಡಿಸ್ಕನ್ನು ನಾನು ಗೂಢಲಿಪಿಗೊಳಿಸಿದ್ದೆ. ನೋಡುವವರಿಲ್ಲದ ಮಾನಿಟರ್‌ನಲ್ಲಿ ಅದು ಪಾಸ್‌ವರ್ಡ್ ಕೇಳುತ್ತಾ ಕೂತಿತ್ತು. ಈಗ ಕಾರ್ಯಾಚರಣಾ ವ್ಯವಸ್ಥೆ ಇರುವ ಭಾಗವನ್ನು ತೆರೆದಿಟ್ಟು, ಬ್ಯಾಕಪ್‌ಗಳ ಭಾಗವನ್ನು ಮಾತ್ರ ಗೂಢಲಿಪಿಯಲ್ಲಿ ಇಟ್ಟಿದ್ದೇನೆ. ಕಂಪ್ಯೂಟರ್ ಎದ್ದ ಮೇಲೆ ಎಸ್‌ಎಸ್‌ಎಚ್‌ನಿಂದ ಒಳಹೊಕ್ಕು ಅದನ್ನು ನಾನೇ ಬಿಡಿಸುತ್ತೇನೆ.